ಪ್ರಾಥಮಿಕ ಶಾಲೆಯಲ್ಲಿ ಕಲಾಶಿಕ್ಷಣ ಮತ್ತು ಮಕ್ಕಳ ಸೃಜನಶೀಲತೆ: ಲಭ್ಯ ಪುರಾವೆಗಳ ಸಮೀಕ್ಷೆ

ಪ್ರಾಥಮಿಕ ತರಗತಿಗಳ ವೇಳಾಪಟ್ಟಿಯಲ್ಲಿ ಚಿತ್ರಕಲೆ, ಸಂಗೀತ ಮತ್ತು ನಾಟಕದ ಅವಧಿಗಳನ್ನು ಉಳಿಸಿಕೊಳ್ಳಬೇಕೇ ಎಂಬ ಚರ್ಚೆ ಬಂದಾಗಲೆಲ್ಲ ‘ಕಲೆ ಮಕ್ಕಳ ಸೃಜನಶೀಲತೆಯನ್ನು ಬೆಳೆಸುತ್ತದೆ’ ಎಂಬ ವಾದ ಮುಂದೆ ಬರುತ್ತದೆ. ಪಠ್ಯಕ್ರಮ ಸಮಿತಿಯ ಪರಿಶೀಲನೆಗಾಗಿ ಸಿದ್ಧಪಡಿಸಿದ ಈ ಸಮೀಕ್ಷೆಯು ಆ ವಾದಕ್ಕೆ ಸಂಶೋಧನೆಯ ಆಧಾರ ಎಷ್ಟಿದೆ ಎಂಬುದನ್ನು ನೋಡುತ್ತದೆ.

ಮೊದಲ ತೊಡಕು ಅಳತೆಯದು. ಜೆ.ಪಿ. ಗಿಲ್ಫರ್ಡ್ 1950ರಲ್ಲಿ ಅಮೆರಿಕದ ಮನಶ್ಶಾಸ್ತ್ರ ಸಂಘದ ಅಧ್ಯಕ್ಷ ಭಾಷಣದಲ್ಲಿ ಸೃಜನಶೀಲತೆಯ ಅಧ್ಯಯನಕ್ಕೆ ಕರೆ ಕೊಟ್ಟ ನಂತರ, 1966ರಲ್ಲಿ ಪಾಲ್ ಟೊರೆನ್ಸ್ ರೂಪಿಸಿದ ಪರೀಕ್ಷೆಗಳು ವ್ಯಾಪಕವಾಗಿ ಬಳಕೆಗೆ ಬಂದವು. ಅರ್ಧ ಗೀಚಿದ ಗೆರೆಯನ್ನು ಮಗು ಹೇಗೆ ಪೂರ್ಣಗೊಳಿಸುತ್ತದೆ, ಎಷ್ಟು ಉತ್ತರಗಳನ್ನು ಕೊಡುತ್ತದೆ, ಅವುಗಳಲ್ಲಿ ಎಷ್ಟು ಅಪರೂಪದವು ಎಂಬುದನ್ನು ಅವು ಎಣಿಸುತ್ತವೆ. ಇದು ಉಪಯುಕ್ತ ಅಳತೆಯೇ ಹೌದು. ಆದರೆ ಒಂದೇ ಚಿತ್ರವನ್ನು ವಾರಗಟ್ಟಲೆ ತಿದ್ದಿ ತೀಡುವ ಮಗುವಿನ ತಾಳ್ಮೆ ಮತ್ತು ವಿವೇಚನೆ ಈ ಲೆಕ್ಕಕ್ಕೆ ಸಿಗುವುದಿಲ್ಲ.

ಕಲೆಯ ಪರವಾಗಿ ಹೆಚ್ಚಾಗಿ ಉಲ್ಲೇಖಗೊಳ್ಳುವುದು ಬರ್ಟನ್, ಹೊರೊವಿಟ್ಸ್ ಮತ್ತು ಏಬಲ್ಸ್ 1999ರಲ್ಲಿ ಪ್ರಕಟಿಸಿದ ಅಧ್ಯಯನ. ಎರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡಿದ್ದ ಇದರಲ್ಲಿ, ಹೆಚ್ಚು ಕಲಾಶಿಕ್ಷಣ ಪಡೆದವರು ಸೃಜನಶೀಲ ಚಿಂತನೆಯ ಪರೀಕ್ಷೆಯಲ್ಲಿ ಮುಂದಿದ್ದರು. ಆದರೆ ಇದು ಸಹಸಂಬಂಧವನ್ನಷ್ಟೇ ತೋರಿಸುತ್ತದೆ; ಕಲೆಯಿಂದ ಮಕ್ಕಳು ಸೃಜನಶೀಲರಾದರೋ, ಮೊದಲೇ ಆ ಒಲವಿದ್ದ ಮಕ್ಕಳೂ ಅದಕ್ಕೆ ಅನುಕೂಲವಿದ್ದ ಶಾಲೆಗಳೂ ಕಲೆಯತ್ತ ವಾಲಿದವೋ ಎಂಬುದನ್ನು ಇದರಿಂದ ತೀರ್ಮಾನಿಸಲಾಗದು. 2000ದಲ್ಲಿ ಎಲೆನ್ ವಿನ್ನರ್ ಮತ್ತು ಲೋಯಿಸ್ ಹೆಟ್ಲ್ಯಾಂಡ್ ಅವರ ನೇತೃತ್ವದಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನಡೆದ ವಿಶ್ಲೇಷಣೆಗಳು ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದವು. ಸಹಸಂಬಂಧದ ಅಧ್ಯಯನಗಳಲ್ಲಿ ಕಲೆ ಮತ್ತು ಸೃಜನಶೀಲತೆಗಳ ನಂಟು ಸಾಧಾರಣ ಮಟ್ಟದಲ್ಲಿ ಕಂಡುಬಂದರೂ, ಪ್ರಯೋಗಗಳಲ್ಲಿ ಚಿತ್ರರೂಪದ ಪರೀಕ್ಷೆಗಳ ಮೇಲೆ ಮಾತ್ರ ಅಲ್ಪ ಪರಿಣಾಮ ಕಂಡಿತು. ಮಾತಿನ ಸೃಜನಶೀಲತೆಯ ಮೇಲೆ ಕಾಣಲಿಲ್ಲ. ಅಂದರೆ ಕಲಿಕೆಯು ಹತ್ತಿರದ ಕೌಶಲಕ್ಕೆ ಹರಿಯುತ್ತದೆ, ದೂರದ್ದಕ್ಕೆ ಸುಲಭವಾಗಿ ದಾಟುವುದಿಲ್ಲ. ತರಗತಿಯ ನಾಟಕ ಚಟುವಟಿಕೆಯಿಂದ ಭಾಷಾ ಕೌಶಲ ಹೆಚ್ಚುತ್ತದೆ ಎಂಬುದಕ್ಕೆ ಇದೇ ಸಂಗ್ರಹದಲ್ಲಿ ಗಟ್ಟಿ ಪುರಾವೆ ದೊರೆಯಿತು.

ಯಾವ ಶಾಲೆಗಳಿಗೆ ಹೆಚ್ಚಿನ ಕಲಾಶಿಕ್ಷಣ ಕೊಡಬೇಕು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದ ದೊಡ್ಡ ಪ್ರಯೋಗಗಳು ವಿರಳ. ಹೂಸ್ಟನ್‌ನ 42 ಶಾಲೆಗಳಲ್ಲಿ ನಡೆದ, ಬೋವೆನ್ ಮತ್ತು ಕಿಸಿಡಾ 2019ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ 3ರಿಂದ 8ನೇ ತರಗತಿಯ ಮಕ್ಕಳ ಶಿಸ್ತಿನ ದೂರುಗಳು ಇಳಿದವು, ಬರವಣಿಗೆಯ ಅಂಕಗಳು ಏರಿದವು, ಇತರರ ಬಗೆಗಿನ ಅನುಕಂಪ ತುಸು ಹೆಚ್ಚಿತು. ಸ್ವಾಗತಾರ್ಹ ಫಲಿತಾಂಶಗಳು ಇವು; ಆದರೆ ಇವನ್ನು ಸೃಜನಶೀಲತೆಯ ಪುರಾವೆಯೆಂದು ಉಲ್ಲೇಖಿಸುವುದು ಸರಿಯಲ್ಲ.

ನಮ್ಮ ದೃಷ್ಟಿಯಲ್ಲಿ ಸಮಿತಿಗೆ ಹೆಚ್ಚು ಬೆಳಕು ಕೊಡುವುದು ಕಲೆಯನ್ನು ಹೇಗೆ ಕಲಿಸಲಾಗುತ್ತದೆ ಎಂಬುದರ ಅಧ್ಯಯನಗಳು. ತೆರೆಸಾ ಅಮಾಬಿಲೆ 1982ರಲ್ಲಿ 7ರಿಂದ 11 ವರ್ಷದ ಹುಡುಗಿಯರಿಗೆ ಕಾಗದದ ತುಂಡುಗಳಿಂದ ಕೊಲಾಜ್ ಮಾಡಲು ಹೇಳಿದರು. ಒಂದು ಗುಂಪಿಗೆ ಬಹುಮಾನವು ಚೀಟಿಯ ಮೂಲಕ ಸಿಗುವುದೆಂದೂ, ಇನ್ನೊಂದಕ್ಕೆ ಅತ್ಯುತ್ತಮ ಕೃತಿಗೆ ಸಿಗುವುದೆಂದೂ ತಿಳಿಸಲಾಗಿತ್ತು. ಕಲಾವಿದರು ಮೌಲ್ಯಮಾಪನ ಮಾಡಿದಾಗ ಸ್ಪರ್ಧೆಗಿಳಿದ ಗುಂಪಿನ ಕೊಲಾಜ್‌ಗಳೇ ಕಡಿಮೆ ಸೃಜನಶೀಲವೆನಿಸಿದವು. ಅದಕ್ಕೂ ಮುಂಚೆ, 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಇನ್ನೂ ಚಿಕ್ಕ ಮಕ್ಕಳಲ್ಲಿ ಇಂಥದೇ ಸಂಗತಿಯನ್ನು ಕಂಡಿದ್ದರು: ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಿದ್ದ ಮಕ್ಕಳು ಮುಂದೆ ತಾವಾಗಿಯೇ ಚಿತ್ರ ಬಿಡಿಸಲು ತೋರಿದ ಆಸಕ್ತಿ ತಗ್ಗಿತ್ತು.

ಹೀಗಿರುವಾಗ ವೇಳಾಪಟ್ಟಿಯಲ್ಲಿ ‘ಚಿತ್ರಕಲೆ’ ಎಂದು ನಮೂದಾದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಶಿಕ್ಷಕರು ಕಪ್ಪುಹಲಗೆಯ ಮೇಲೆ ಬರೆದ ಹೂವನ್ನು ಇಡೀ ತರಗತಿ ನಕಲು ಮಾಡಿ, ಗೆರೆ ದಾಟದಂತೆ ಬಣ್ಣ ತುಂಬಿ, ಅಂಕ ಪಡೆಯುವ ಅವಧಿಯಲ್ಲಿ ಮಗು ಕೈಹಿಡಿತವನ್ನು ಕಲಿಯಬಹುದು. ಏನು ಬಿಡಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ನಿರ್ಧಾರವನ್ನು ಮಾತ್ರ ಅದು ಒಮ್ಮೆಯೂ ಮಾಡುವುದಿಲ್ಲ. ಹಾಗೆಂದು ತಂತ್ರ ಕಲಿಸುವುದೇ ಬೇಡವೆಂದಲ್ಲ. ಬಣ್ಣ ಬೆರೆಸಲು ತಿಳಿಯದ ಮಗುವಿಗೆ ಸ್ವಾತಂತ್ರ್ಯ ಕೊಟ್ಟರೂ ಅದರ ಆಯ್ಕೆಗಳು ಕೆಲವೇ ಆಗಿರುತ್ತವೆ.

ಆದ್ದರಿಂದ ಕಲಾ ಅವಧಿಗಳನ್ನು ಇತರ ವಿಷಯಗಳ ಅಂಕ ಹೆಚ್ಚಿಸುವ ಸಾಧನವೆಂದು ಸಮರ್ಥಿಸದೆ, ಅವುಗಳ ಸ್ವಂತ ಮೌಲ್ಯದ ಮೇಲೆಯೇ ಉಳಿಸಿಕೊಳ್ಳಬೇಕೆಂದು ನಾವು ಶಿಫಾರಸು ಮಾಡುತ್ತೇವೆ. ಕೆಳಗಿನ ತರಗತಿಗಳಲ್ಲಿ ಸ್ಪರ್ಧೆ ಮತ್ತು ಶ್ರೇಣಿಯನ್ನು ಕೈಬಿಟ್ಟು, ಮಗುವಿನ ಕರಡು, ತಿದ್ದುಪಡಿ ಮತ್ತು ಅಂತಿಮ ಕೃತಿಗಳನ್ನು ವರ್ಷವಿಡೀ ಒಂದೇ ಕಡತದಲ್ಲಿ ಕೂಡಿಡಬೇಕು. ಒಂದಕ್ಕಿಂತ ಹೆಚ್ಚು ಶಿಕ್ಷಕರು ಅದನ್ನು ಪ್ರತ್ಯೇಕವಾಗಿ ಓದಿ ಅಭಿಪ್ರಾಯ ದಾಖಲಿಸಿದರೆ, ಪರೀಕ್ಷೆಯ ಎಣಿಕೆಗೆ ಸಿಗದ ಬೆಳವಣಿಗೆಯೂ ಮುಂದಿನ ಪರಿಶೀಲನೆಯ ಹೊತ್ತಿಗೆ ಸಮಿತಿಯ ಕಣ್ಣಿಗೆ ಬೀಳುತ್ತದೆ.