ಮುಟ್ಟಿನ ದಿನಗಳಿಗೆ ಬಿಸಿನೀರು ಮತ್ತು ಪ್ಯಾಡ್ ಹಾಕುವ ಬುಟ್ಟಿಗಳಿಗಾಗಿ ಮನವಿ

ಕಾಸರಗೋಡು
21 ಜುಲೈ 2025

ಇವರಿಂದ:
ದ್ವಿತೀಯ ಬಿ.ಎ. ಕನ್ನಡ ವಿದ್ಯಾರ್ಥಿನಿ
ಕೊಠಡಿ ಸಂಖ್ಯೆ 14, ಮೇಲಿನ ಮಹಡಿ
ಮಹಿಳಾ ಹಾಸ್ಟೆಲ್

ಇವರಿಗೆ:
ವಾರ್ಡನ್
ಮಹಿಳಾ ಹಾಸ್ಟೆಲ್

ಮಾನ್ಯರೇ,

ವಿಷಯ: ಮುಟ್ಟಿನ ದಿನಗಳಲ್ಲಿ ಬಿಸಿನೀರು ಒದಗಿಸುವ ಮತ್ತು ಶೌಚಾಲಯಗಳಲ್ಲಿ ಮುಚ್ಚಳವಿರುವ ಬುಟ್ಟಿ ಇಡಿಸುವ ಬಗ್ಗೆ

ಟೀಚರ್, ಮೇಲಿನ ಮಹಡಿಯ ಎಲ್ಲರೂ ಸೇರಿ ಮಾತನಾಡಿದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ಎದುರಿಗೆ ನಿಂತು ಹೇಳಲು ಹಲವರಿಗೆ ಸಂಕೋಚವಿದೆ. ಆದರೆ ತಿಂಗಳು ತಿಂಗಳೂ ಬರುವ ಈ ತೊಂದರೆಯನ್ನು ಇನ್ನು ನುಂಗಿಕೊಂಡಿರಲು ಆಗುವುದಿಲ್ಲ.

ಮೊದಲು ಬುಟ್ಟಿಯ ವಿಚಾರ. ನಮ್ಮ ಮಹಡಿಯ ಒಂದು ಶೌಚಾಲಯದಲ್ಲೂ ಕಸದ ಬುಟ್ಟಿ ಇಲ್ಲ. ಬಳಸಿದ ಪ್ಯಾಡನ್ನು ಕಾಗದದಲ್ಲಿ ಸುತ್ತಿ ಕೈಯಲ್ಲಿ ಹಿಡಿದು, ಮೆಟ್ಟಿಲಿಳಿದು, ಊಟದ ಕೋಣೆಯ ಮುಂದಿನಿಂದ ಹಾದು ಹಿತ್ತಿಲಿನ ಗುಂಡಿಗೆ ಹಾಕಿ ಬರಬೇಕು. ರಾತ್ರಿ ಹಿಂಬಾಗಿಲಿಗೆ ಬೀಗ ಬಿದ್ದ ಮೇಲೆ ಆ ಪೊಟ್ಟಣ ಬೆಳಗಿನವರೆಗೆ ಮಂಚದ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಇರುತ್ತದೆ. ಒಂದೇ ಕೋಣೆಯಲ್ಲಿ ನಾಲ್ವರು ಮಲಗುತ್ತೇವೆ. ಈಗ ಆಟಿಯ ಮಳೆ. ಗುಂಡಿಯಲ್ಲಿ ಹಾಕಿದ ಬೆಂಕಿ ಹತ್ತುವುದಿಲ್ಲ, ಅರೆಬೆಂದ ಪ್ಯಾಡುಗಳು ನೀರಿನಲ್ಲಿ ಉಬ್ಬಿ ತೇಲುತ್ತವೆ, ನಾಯಿಗಳು ಅವನ್ನು ಅಂಗಳಕ್ಕೆ ಎಳೆದು ತರುತ್ತವೆ. ಬೆಳಿಗ್ಗೆ ಗುಡಿಸಲು ಬರುವ ಚೇಚಿ ಅದನ್ನು ಬರಿಗೈಯಲ್ಲಿ ಹೆಕ್ಕುವುದನ್ನು ಕಂಡಾಗ ನಮಗೆ ತಲೆ ಎತ್ತಲಾಗುವುದಿಲ್ಲ.

ಜೂನ್ ತಿಂಗಳಲ್ಲಿ ಕೊಳವೆ ಕಟ್ಟಿಕೊಂಡ ಮೇಲೆ ‘ಪ್ಯಾಡ್ ಹಾಕಿದವರಿಗೆ ದಂಡ’ ಎಂಬ ಸೂಚನೆಯನ್ನು ಬಾಗಿಲಿಗೆ ಅಂಟಿಸಲಾಯಿತು. ಆ ಸೂಚನೆ ಸರಿಯಾದುದೇ. ಪ್ಯಾಡಿನೊಳಗಿನ ಹೀರುವ ಪುಡಿ ನೀರು ಕುಡಿದು ಹಲವು ಪಟ್ಟು ಹಿಗ್ಗುತ್ತದೆ, ಹೊರಪದರದ ಪ್ಲಾಸ್ಟಿಕ್ ಕರಗುವುದಿಲ್ಲ. ಕೊಳವೆ ಕಟ್ಟಿಕೊಳ್ಳದೆ ಇರುತ್ತದೆಯೇ? ಆದರೆ ಇಲ್ಲಿ ಹಾಕಬೇಡಿ ಎಂದ ಮೇಲೆ ಎಲ್ಲಿ ಹಾಕಬೇಕು ಎಂಬುದಕ್ಕೂ ಒಂದು ವ್ಯವಸ್ಥೆ ಬೇಕಲ್ಲವೇ, ಟೀಚರ್?

ಪ್ರತಿ ಶೌಚಾಲಯದೊಳಗೆ ಕಾಲಿನಿಂದ ಒತ್ತಿ ತೆರೆಯುವ, ಮುಚ್ಚಳವಿರುವ ಒಂದು ಬುಟ್ಟಿ ಇಡಿಸಿ. ಪಕ್ಕದಲ್ಲಿ ಹಳೆಯ ಪತ್ರಿಕೆಯ ಹಾಳೆಗಳಿರಲಿ. ಅವನ್ನು ಕತ್ತರಿಸಿ ಇಡುವ ಕೆಲಸ ನಮ್ಮದು. ಘನತ್ಯಾಜ್ಯ ನಿರ್ವಹಣಾ ನಿಯಮಗಳು ಸಹ ಬಳಸಿದ ಪ್ಯಾಡನ್ನು ಭದ್ರವಾಗಿ ಸುತ್ತಿ ಬುಟ್ಟಿಗೆ ಹಾಕಬೇಕೆಂದೇ ಹೇಳುತ್ತವೆ. ಬುಟ್ಟಿಯನ್ನು ದಿನವೂ ಖಾಲಿ ಮಾಡಬೇಕು, ಚೇಚಿಗೆ ಗಟ್ಟಿ ರಬ್ಬರ್ ಕೈಗವಸು ಕೊಡಿಸಬೇಕು. ಅಲ್ಲಿಂದ ಮುಂದೆ ಈ ಕಸವನ್ನು ಯಾರಿಗೆ ಒಪ್ಪಿಸಬೇಕೆಂದು ಹರಿತ ಕರ್ಮ ಸೇನೆಯವರನ್ನೋ ಸ್ಥಳೀಯಾಡಳಿತದ ಕಚೇರಿಯನ್ನೋ ಹಾಸ್ಟೆಲ್ ಕಚೇರಿಯ ಮೂಲಕ ವಿಚಾರಿಸಬೇಕೆಂದು ಕೋರುತ್ತೇನೆ. ಸುಡುವ ಯಂತ್ರ ತರಿಸುವ ಮಾತೂ ನಮ್ಮಲ್ಲಿ ಬಂದಿತ್ತು. ಮಳೆಗಾಲದಲ್ಲಿ ಇಲ್ಲಿ ಕರೆಂಟು ಎಷ್ಟು ಹೊತ್ತು ಇರುತ್ತದೆಂಬುದು ನಿಮಗೆ ಗೊತ್ತಿದೆ. ಸರಿಯಾಗಿ ಕಾಯದ ಯಂತ್ರದಿಂದ ಹೊಗೆಯೂ ನಾತವೂ ಹೆಚ್ಚುತ್ತದೆ. ಆದ್ದರಿಂದ ಸದ್ಯಕ್ಕೆ ಬುಟ್ಟಿಗಳೇ ಸಾಕು.

ಇನ್ನು ಬಿಸಿನೀರು. ನಮ್ಮಲ್ಲಿ ಹೆಚ್ಚಿನವರು ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ಬಂದವರು. ಮನೆಯಲ್ಲಿ ತೆಂಗಿನ ಮಡಲು ಉರಿಸಿದರೆ ಹಂಡೆ ತುಂಬಾ ಬಿಸಿನೀರು. ಇಲ್ಲಿ ನೀರು ಕಾಯಿಸುವ ಕಾಯಿಲ್ ಮತ್ತು ಕೆಟಲ್ ಕೋಣೆಯಲ್ಲಿ ಇಡಬಾರದೆಂಬ ನಿಯಮವಿದೆ. ಬೆಂಕಿಯ ಭಯಕ್ಕಾಗಿ ಮಾಡಿದ ಆ ನಿಯಮವನ್ನು ಸಡಿಲಿಸಲು ನಾವು ಕೇಳುತ್ತಿಲ್ಲ. ಆದರೆ ಮೊದಲ ಎರಡು ದಿನ ನಮ್ಮಲ್ಲಿ ಕೆಲವರಿಗೆ ಸೊಂಟದಿಂದ ತೊಡೆಯವರೆಗೆ ಸೆಳೆತ. ಕೆಳಹೊಟ್ಟೆಗೆ ಶಾಖ ಕೊಟ್ಟರೆ ಗರ್ಭಕೋಶದ ಸ್ನಾಯುಗಳು ಸಡಿಲಗೊಂಡು ನೋವು ಇಳಿಯುತ್ತದೆ. ನಮ್ಮ ಬಳಿ ರಬ್ಬರ್ ಚೀಲ ಇದೆ, ತುಂಬಿಸಲು ನೀರಿಲ್ಲ. ಕಳೆದ ವಾರ ಪ್ರಥಮ ವರ್ಷದ ಹುಡುಗಿಯೊಬ್ಬಳು ಕಾಲು ಮಡಚಿ ಮಲಗಿದವಳು ಆಂತರಿಕ ಪರೀಕ್ಷೆಗೂ ಏಳಲಿಲ್ಲ. ಬಟ್ಟೆ ಬಳಸುವವರಿಗೆ ಒಗೆಯಲು ಬಿಸಿನೀರು ಬೇಕು. ಮುಟ್ಟಿನ ಕಪ್ ಬಳಸುವ ಇಬ್ಬರಿಗೆ ಅದನ್ನು ಕುದಿಸಲು ಒಂದು ಪ್ರತ್ಯೇಕ ಪಾತ್ರೆ ಬೇಕು.

ಅಡುಗೆಮನೆಯಲ್ಲಿ ಬೆಳಿಗ್ಗೆ ಚಹಾಕ್ಕೂ ರಾತ್ರಿ ಗಂಜಿಗೂ ಒಲೆ ಉರಿಯುತ್ತಲೇ ಇರುತ್ತದೆ. ಅದೇ ಹೊತ್ತಿಗೆ ಒಂದು ದೊಡ್ಡ ಪಾತ್ರೆ ನೀರು ಕಾಯಿಸಿ, ಬೆಳಿಗ್ಗೆ ಆರೂವರೆ ಗಂಟೆಗೂ ರಾತ್ರಿ ಎಂಟಕ್ಕೂ ನಲ್ಲಿ ಇರುವ ಸ್ಟೀಲ್ ಡ್ರಮ್ಮಿನಲ್ಲಿ ತುಂಬಿ ಮೆಟ್ಟಿಲ ಬಳಿ ಇಡಿಸಿದರೆ ಸಾಕು. ಯಾರಿಗೆ ಬೇಕು, ಏಕೆ ಬೇಕು ಎಂದು ಹೆಸರು ಬರೆಸುವ ಪುಸ್ತಕ ಮಾತ್ರ ಬೇಡ, ಟೀಚರ್. ಅಡುಗೆಯವರು ‘ಇವತ್ತು ನಿನಗೆಯೋ’ ಎಂದು ಎಲ್ಲರೆದುರು ಕೇಳುವುದನ್ನು ತಪ್ಪಿಸಲು ಎಷ್ಟೋ ಮಂದಿ ನೋವು ಸಹಿಸಿಕೊಂಡು ಸುಮ್ಮನಿರುತ್ತಾರೆ.

2023ರಲ್ಲಿ ಕೇರಳ ಸರಕಾರ ವಿಶ್ವವಿದ್ಯಾಲಯಗಳ ವಿದ್ಯಾರ್ಥಿನಿಯರಿಗೆ ಮುಟ್ಟಿನ ರಜೆಗೆ ಅವಕಾಶ ಕೊಟ್ಟು, ಅವರಿಗೆ ಬೇಕಾದ ಕನಿಷ್ಠ ಹಾಜರಾತಿಯನ್ನು ಶೇಕಡಾ 73ಕ್ಕೆ ಇಳಿಸಿತು. ರಜೆ ಹಾಕಿದವಳು ಹಗಲಿಡೀ ಇರುವುದು ಈ ಹಾಸ್ಟೆಲಿನಲ್ಲೇ.

ಗುಂಡಿಯನ್ನೂ ಶೌಚಾಲಯಗಳನ್ನೂ ಒಮ್ಮೆ ನೀವೇ ಬಂದು ನೋಡಬೇಕು. ಬುಧವಾರ ಸಂಜೆ ಐದರ ನಂತರ ನಾವು ಮೂವರು ನಿಮ್ಮ ಕೋಣೆಗೆ ಬರುತ್ತೇವೆ. ಆಗಸ್ಟ್ ಮೊದಲ ವಾರದೊಳಗೆ ಕನಿಷ್ಠ ಬುಟ್ಟಿಗಳಾದರೂ ಬರುವಂತೆ ದಯವಿಟ್ಟು ಮಾಡಿ. ಹಣದ ಮಂಜೂರಾತಿಗೆ ತಡವಾಗುವುದಾದರೆ ತಿಳಿಸಿ. ಪ್ರಾಂಶುಪಾಲರಿಗೆ ಬರೆಯುವ ಮನವಿಗೆ ಮಹಡಿಯ ಎಲ್ಲರೂ ಸಹಿ ಹಾಕುತ್ತೇವೆ.

ವಂದನೆಗಳೊಂದಿಗೆ,

ತಮ್ಮ ವಿಧೇಯ ವಿದ್ಯಾರ್ಥಿನಿ
ಕೊಠಡಿ 14
(ಮೇಲಿನ ಮಹಡಿಯ ಎಲ್ಲ ವಿದ್ಯಾರ್ಥಿನಿಯರ ಪರವಾಗಿ)