4417 ಎಲ್ಲಿದೆ?

2024ರ ಅಕ್ಟೋಬರ್ 1, ಮಂಗಳವಾರ, ಬೆಳಗ್ಗೆ ಒಂಬತ್ತೂವರೆ. ನಾನು ದೊಮ್ಮಲೂರಿನ ಆಫೀಸಿನಲ್ಲಿ ಬ್ಯಾಗ್ ಇಟ್ಟು ಇನ್ನೂ ಕುಳಿತಿರಲಿಲ್ಲ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಆಗ ನಡುರಾತ್ರಿ ದಾಟಿತ್ತು. ಮೇನ್‌ನಿಂದ ಟೆಕ್ಸಸ್‌ವರೆಗೆ ಬಂದರು ಕಾರ್ಮಿಕರು ಕೆಲಸ ನಿಲ್ಲಿಸಿದ್ದರು. ಸುಮಾರು 45,000 ಜನ. 1977ರ ನಂತರ ಇಡೀ ಕರಾವಳಿಯಲ್ಲಿ ಇಂಥ ಮುಷ್ಕರ ಆಗಿರಲಿಲ್ಲ.

ನಮ್ಮ ಕಂಟೇನರ್ ಅಲ್ಲೇ ಇತ್ತು. ನಲವತ್ತು ಅಡಿಯದು, ನಂಬರಿನ ಕೊನೆಯ ನಾಲ್ಕಂಕಿ 4417. ಒಳಗೆ ತುಮಕೂರಿನ ಶಿವಣ್ಣನವರ ಫ್ಯಾಕ್ಟರಿಯ ಚಕ್ಕುಲಿ, ಕೋಡುಬಳೆ, ಪುಳಿಯೋಗರೆ ಪುಡಿ, ಮೇಲೊಂದಿಷ್ಟು ಮಣ್ಣಿನ ಹಣತೆ. ಹೋಗಬೇಕಾಗಿದ್ದದ್ದು ನ್ಯೂಜೆರ್ಸಿಯ ಎಡಿಸನ್‌ಗೆ, ದೀಪಾವಳಿ ಮಾರಾಟಕ್ಕೆ. ಆಗಸ್ಟ್ ಎರಡನೇ ವಾರ ಚೆನ್ನೈ ಬಿಟ್ಟಿತ್ತು. ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಹೆಚ್ಚಿನವು ಆಫ್ರಿಕಾದ ತುದಿ ಸುತ್ತಿಕೊಂಡೇ ಹೋಗುತ್ತಿದ್ದವಲ್ಲ, ಇದೂ ಹಾಗೇ ಹೋಗಿ, ಸೆಪ್ಟೆಂಬರ್ 30ರ ಮಧ್ಯಾಹ್ನ ನ್ಯೂಯಾರ್ಕ್ ಹೊರಗೆ ಲಂಗರು ಹಾಕಿತ್ತು. ಬರ್ತ್, ಅಂದರೆ ದಡದಲ್ಲಿ ನಿಂತು ಮಾಲು ಇಳಿಸುವ ಜಾಗ, ಸಿಕ್ಕಿರಲಿಲ್ಲ. ಒಂದೇ ಒಂದು ದಿನ ಮುಂಚೆ ಬಂದಿದ್ದರೆ ಇಳಿದುಬಿಡುತ್ತಿತ್ತು. ಆ ಯೋಚನೆ ವಾರವಿಡೀ ನನ್ನ ತಲೆ ಬಿಟ್ಟು ಹೋಗಲಿಲ್ಲ.

ಬೇರೆಯವರ ಮಾಲನ್ನು ಹಡಗಿನಲ್ಲಿ ಹೊರದೇಶಕ್ಕೆ ಕಳಿಸಿಕೊಡುವ ಈ ಕೆಲಸಕ್ಕೆ ನಾನು ಸೇರಿ ಎಂಟು ತಿಂಗಳಾಗಿತ್ತು. ಬುಕಿಂಗ್ ಮಾಡುವುದು, ಶಿಪ್ಪಿಂಗ್ ಬಿಲ್, ಹಡಗಿನವರು ಮಾಲಿಗೆ ಕೊಡುವ ರಸೀದಿಯಾದ ಬಿಎಲ್‌ನ ಡ್ರಾಫ್ಟ್ ತಿದ್ದುವುದು, ಟ್ರೇಲರ್ ಡ್ರೈವರ್ ಎಲ್ಲಿದ್ದಾನೆ ಅಂತ ಫೋನ್ ಮಾಡುವುದು, ಇಷ್ಟು ಬರುತ್ತಿತ್ತು. ನಿಂತುಹೋದ ಹಡಗನ್ನು ಬೆನ್ನಟ್ಟುವುದು ಹೇಗೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಹತ್ತು ಗಂಟೆಗೆ ಶಿವಣ್ಣನವರ ಫೋನ್. "ಏನಮ್ಮ ಕಾವ್ಯ, ಟಿವಿಯಲ್ಲಿ ಏನೋ ತೋರಿಸ್ತಾವ್ರೆ. ನಮ್ಮ ಮಾಲು ಇಳೀತಾ?"

"ಇನ್ನೂ ಇಲ್ಲ ಸರ್. ಹಡಗು ಹೊರಗೆ ನಿಂತಿದೆ."

"ಯಾವತ್ತು ಇಳಿಯುತ್ತೆ?"

ಎರಡು ದಿನದಲ್ಲಿ ಆಗುತ್ತೆ ಸರ್, ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಾಗಂದರೆ ಅವರಿಗೂ ಸಮಾಧಾನ, ನನಗೂ ಆ ಫೋನ್ ಇಡಬಹುದಿತ್ತು. ಎದುರಿನ ಟೇಬಲ್ಲಿನಿಂದ ಪ್ರಕಾಶ್ ಸರ್ ಬೇಡ ಅಂತ ಕೈ ಆಡಿಸಿದರು. "ಗೊತ್ತಾದ ತಕ್ಷಣ ಹೇಳ್ತೀನಿ ಸರ್" ಅಂದೆ.

ಆಮೇಲೆ ಪ್ರಕಾಶ್ ಸರ್ ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲಿ ಕುಳಿತರು. "ತಾರೀಕು ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅನ್ನಬೇಕು ಕಾವ್ಯ. ನೀನು ಎರಡು ದಿನ ಅಂದ್ರೆ ಆ ಮನುಷ್ಯ ಎಡಿಸನ್‌ನವರಿಗೆ ಎರಡು ದಿನ ಅಂತಾನೆ, ಅವರು ಅಂಗಡಿಗಳಿಗೆ ಮಾತು ಕೊಡ್ತಾರೆ. ಗೊತ್ತಿರೋದನ್ನ ಮಾತ್ರ ದಿನಾ ಬರೆದು ಕಳಿಸು."

ಅವತ್ತಿನಿಂದ ದಿನಾ ಸಂಜೆ ಒಂದು ಮೇಲ್. ಹಡಗು ಎಲ್ಲಿದೆ, ಕಂಟೇನರ್ ಹಡಗಿನಲ್ಲೇ ಇದೆಯಾ, ನಾಳೆ ನಾನು ಯಾರಿಗೆ ಫೋನ್ ಮಾಡುತ್ತೇನೆ. ಅಷ್ಟೇ.

ಎಡಿಸನ್‌ನ ಇಂಪೋರ್ಟರ್ ಹಾಸನದ ಕಡೆಯವರು. ರಾತ್ರಿ ವಾಟ್ಸಾಪ್‌ನಲ್ಲಿ ಕೇಳಿದರು, "ಮೇಡಂ, ಬೇರೆ ಬಂದರಿಗೆ ತಿರುಗಿಸೋಕೆ ಆಗಲ್ವಾ?" ನಾನೂ ಅದನ್ನೇ ಹುಡುಕಿದ್ದೆ. ಪಶ್ಚಿಮ ಕರಾವಳಿಯಲ್ಲಿ ಬೇರೆ ಯೂನಿಯನ್, ಅಲ್ಲಿ ಕೆಲಸ ನಡೆಯುತ್ತಿತ್ತು. ಆದರೆ ನ್ಯೂಯಾರ್ಕ್ ಬಾಗಿಲಲ್ಲಿ ನಿಂತ ಹಡಗು ಪನಾಮಾ ದಾಟಿ ಅಲ್ಲಿಗೆ ಹೋಗುವುದಿಲ್ಲ. ಕೆನಡಾ ನೋಡೋಣ ಅಂದರೆ ಮಾಂಟ್ರಿಯಲ್‌ನ ಎರಡು ಟರ್ಮಿನಲ್‌ಗಳಲ್ಲಿ ಸೋಮವಾರದಿಂದ ಮೂರು ದಿನ ಮುಷ್ಕರ. ಹಡಗನ್ನು ತಿರುಗಿಸುವುದು ಲೈನಿನವರ, ಅಂದರೆ ಹಡಗು ಕಂಪನಿಯವರ ಕೈಯಲ್ಲಿತ್ತು, ನಮ್ಮದೊಂದು ಕಂಟೇನರ್ ಅವರಿಗೆ ಲೆಕ್ಕಕ್ಕೇ ಇಲ್ಲ. ಇದನ್ನೂ ಹಾಗೇ ಬರೆದೆ.

ಅಕ್ಟೋಬರ್ 2 ಗಾಂಧಿ ಜಯಂತಿ, ಮಹಾಲಯ ಅಮಾವಾಸ್ಯೆ. ರಜೆ. ಪಿಜಿಯಲ್ಲಿ ಮಂಚದ ಮೇಲೆ ಕುಳಿತು ಮೊಬೈಲಿನಲ್ಲಿ ಹಡಗಿನ ನಕ್ಷೆ ನೋಡುತ್ತಿದ್ದೆ. ನೀರಿನ ಮೇಲೆ ಚಿಕ್ಕ ಚಿಕ್ಕ ಗುರುತುಗಳು, ಯಾವುದೂ ಅಲ್ಲಾಡುತ್ತಿಲ್ಲ. ಅಪ್ಪ ಫೋನ್ ಮಾಡಿದರು. ಅವರು ಸರ್ಕಾರಿ ಬಸ್ಸಿನ ಡ್ರೈವರ್.

"ಯಾಕಂತೆ ಅವರ ಸ್ಟ್ರೈಕು?"

"ಸಂಬಳ ಜಾಸ್ತಿ ಮಾಡಿ ಅಂತ ಅಪ್ಪ. ತಮ್ಮ ಕೆಲಸಕ್ಕೆ ಮೆಷಿನ್ ತರಬೇಡಿ ಅಂತಾನೂ."

ಸ್ವಲ್ಪ ಹೊತ್ತು ಸುಮ್ಮನಿದ್ದರು. 2021ರ ಏಪ್ರಿಲ್‌ನಲ್ಲಿ ಆರನೇ ವೇತನ ಆಯೋಗದ ಸಂಬಳ ಕೇಳಿ ಬಸ್ಸಿನವರೆಲ್ಲ ಮುಷ್ಕರ ಕೂತಿದ್ದಾಗ ಅಪ್ಪನೂ ಕೂತಿದ್ದರು. ಮಧ್ಯದಲ್ಲೇ ಯುಗಾದಿ ಬಂತು. ಆ ಸಲ ನಮ್ಮನೆಯಲ್ಲಿ ಹೋಳಿಗೆ ಇರಲಿಲ್ಲ, ಬೇವು ಬೆಲ್ಲ ಮಾತ್ರ. ಬಸ್ ಸ್ಟ್ಯಾಂಡಿನಲ್ಲಿ ಜನ ಬೈಯುವುದನ್ನು ಕೇಳಿಸಿಕೊಂಡು ಬಂದು ಅಪ್ಪ ಮಾತಾಡದೆ ಮಲಗುತ್ತಿದ್ದರು.

"ನಿನ್ನ ಕೆಲಸ ನೀನು ಮಾಡು ಮಗ, ಅವರನ್ನ ಮಾತ್ರ ಬೈಬೇಡ" ಅಂದರು.

ನಿಜ ಹೇಳುತ್ತೇನೆ, ಹಿಂದಿನ ದಿನ ಬೈದಿದ್ದೆ. ಆಮೇಲೆ ಬೈಯಲಿಲ್ಲ. ಶಿವಣ್ಣನವರ ಫ್ಯಾಕ್ಟರಿಯಲ್ಲಿ ಚಕ್ಕುಲಿ ಒತ್ತುವ ಹೆಂಗಸರ ಹಬ್ಬವೂ ಆ ಕಂಟೇನರಿನಲ್ಲೇ ಇತ್ತು, ಅದೂ ಗೊತ್ತಿತ್ತು. ಎರಡೂ ನಿಜ. ನನ್ನ ಕೈಲಿದ್ದದ್ದು ಕಾಗದಪತ್ರ ಮಾತ್ರ. ಹಡಗು ದಡ ಮುಟ್ಟಿದ ದಿನ ನಮ್ಮ ಕಡೆಯಿಂದ ಒಂದು ಗಂಟೆಯೂ ತಡ ಆಗಬಾರದು ಅಂತ, ಮಾಲು ಬಿಡಿಸಿಕೊಳ್ಳಲು ಬಿಎಲ್ ಸರೆಂಡರ್ ಆಗಿದೆಯಾ, ಅರೈವಲ್ ನೋಟಿಸ್‌ನಲ್ಲಿ ತೂಕ ಸರಿಯಿದೆಯಾ, ತಿಂಡಿ ಬರುವ ಮುಂಚೆಯೇ ಅಮೆರಿಕದ ಆಹಾರ ಇಲಾಖೆ ಎಫ್‌ಡಿಎಗೆ ಕೊಡಬೇಕಾದ ಪ್ರಯರ್ ನೋಟಿಸ್ ಹೋಗಿದೆಯಾ, ಎಲ್ಲ ಇನ್ನೊಂದು ಸಲ ನೋಡಿದೆ.

ಶುಕ್ರವಾರ ಬೆಳಗಿನ ಜಾವ ಐದಕ್ಕೆ ಎಚ್ಚರವಾಯಿತು. ಮುಷ್ಕರ ಮುಗಿದಿತ್ತು. ಆರು ವರ್ಷದಲ್ಲಿ 62 ಪರ್ಸೆಂಟ್ ಸಂಬಳ ಏರಿಕೆಗೆ ಒಪ್ಪಿಗೆ, ಮೆಷಿನ್ ವಿಷಯ ಬಾಕಿ, ಹಳೆಯ ಒಪ್ಪಂದ ಜನವರಿ 15ರವರೆಗೆ ಮುಂದುವರಿಕೆ. ಅಪ್ಪನಿಗೆ ಮೆಸೇಜ್ ಹಾಕಿದೆ. "ಗೆದ್ದರಾ?" ಅಂತ ಉತ್ತರ ಬಂತು.

ಮುಷ್ಕರ ಮುಗಿದರೆ ಕಂಟೇನರ್ ಬಂದ ಹಾಗೆ ಅಂದುಕೊಂಡಿದ್ದೆ. ನಿಜವಾದ ಓಡಾಟ ಶುರುವಾದದ್ದೇ ಆಗ. ನಮ್ಮ ಮುಂದೆ ಹಡಗುಗಳ ಸಾಲು. ಸೋಮವಾರ 7ರಂದು ಬರ್ತ್ ಸಿಕ್ಕಿತು, ಅದೇ ರಾತ್ರಿ 4417 ಇಳಿಯಿತು. ನಾಲ್ಕು ದಿನ ಫ್ರೀ ಟೈಮ್, ಅಂದರೆ 11ರ ಶುಕ್ರವಾರದೊಳಗೆ ಹೊರಗೆ ತೆಗೆಯದಿದ್ದರೆ ದಿನಕ್ಕಿಷ್ಟು ಅಂತ ಡೆಮರೇಜ್ ದಂಡ. ಮಂಗಳವಾರ ನೋಡಿದರೆ ಎಫ್‌ಡಿಎ ಹೋಲ್ಡ್. ಕೋಡುಬಳೆಯ ಲೇಬಲ್ ಕೇಳಿದ್ದರು. ಶಿವಣ್ಣನವರ ಮಗನಿಗೆ ರಾತ್ರಿ ಹತ್ತಕ್ಕೆ ಫೋನ್ ಮಾಡಿದೆ, ಅವನು ಫ್ಯಾಕ್ಟರಿಗೆ ಹೋಗಿ ಪ್ಯಾಕೆಟ್ಟಿನ ನಾಲ್ಕೂ ಕಡೆ ಫೋಟೋ ತೆಗೆದು ಕಳಿಸಿದ, ಅದನ್ನು ಅಲ್ಲಿನ ಬ್ರೋಕರ್‌ಗೆ ದಾಟಿಸಿದೆ. ಬುಧವಾರ ನಮ್ಮ ನಡುರಾತ್ರಿಗೆ ಬಿಡುಗಡೆ.

ಇನ್ನು ಟ್ರಕ್. ಗುರುವಾರ ಟರ್ಮಿನಲ್ ಒಳಗೆ ಟ್ರಕ್ ಬಿಡಿಸಲು ಒಂದೂ ಅಪಾಯಿಂಟ್‌ಮೆಂಟ್ ಖಾಲಿ ಇರಲಿಲ್ಲ. ಟ್ರಕ್‌ನವನ ಡಿಸ್ಪ್ಯಾಚರ್ ಹೆಂಗಸು ಪಾಪ, ನನ್ನ ಜೊತೆ ಲೈನಿನಲ್ಲೇ ಇದ್ದುಕೊಂಡು ಮತ್ತೆ ಮತ್ತೆ ಪ್ರಯತ್ನಿಸಿದಳು. ಸ್ಲಾಟ್ ಇಲ್ಲ ಅಂತ ಬಂದಾಗಲೆಲ್ಲ ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿಸು ಅಂತ ಪ್ರಕಾಶ್ ಸರ್ ಹೇಳಿದ್ದರು. ಡೆಮರೇಜ್ ಬಿಲ್ ಬಂದರೆ, ತೆಗೆಯಲು ದಾರಿಯೇ ಇರಲಿಲ್ಲ ಅಂತ ವಾದಿಸಲು ಅದೇ ಸಾಕ್ಷಿ. ಹನ್ನೊಂದು ಸ್ಕ್ರೀನ್‌ಶಾಟ್ ಆಯಿತು. ಹನ್ನೆರಡನೇ ಸಲಕ್ಕೆ ಶುಕ್ರವಾರ ಅಲ್ಲಿನ ಬೆಳಗ್ಗೆ ಹತ್ತರ ಸ್ಲಾಟ್ ಸಿಕ್ಕಿತು.

ಶುಕ್ರವಾರ ನಮ್ಮಲ್ಲಿ ಆಯುಧಪೂಜೆ. ಮಧ್ಯಾಹ್ನವೇ ಕಂಪ್ಯೂಟರುಗಳಿಗೆ ಅರಿಶಿನ ಕುಂಕುಮ ಇಟ್ಟು, ಪುರಿ ಹಂಚಿ, ಎಲ್ಲರೂ ಮನೆಗೆ ಹೋದರು. ನನ್ನದೊಂದನ್ನು ಆಫ್ ಮಾಡಲಿಲ್ಲ. ಪ್ರಕಾಶ್ ಸರ್ ಕೂಡ ಹೋಗಲಿಲ್ಲ. ನಮ್ಮ ರಾತ್ರಿ ಎಂಟೂ ನಲವತ್ತಕ್ಕೆ ಗೇಟ್ ಔಟ್ ಅಂತ ಬಂತು. ನಾನು ಮೂರು ಸಲ ನಂಬರ್ ಓದಿದೆ.

ಶಿವಣ್ಣನವರು ಮೊದಲ ರಿಂಗಿಗೇ ಎತ್ತಿದರು. ಹಿಂದೆ ಜನರ ಗದ್ದಲ, ಆಗಷ್ಟೇ ಲಾರಿಗೆ ಬೂದುಗುಂಬಳ ಒಡೆದಿದ್ದರಂತೆ. "ಹೊರಗೆ ಬಂತು ಸರ್" ಅಂದೆ. ಅವರು ಅಲ್ಲಿದ್ದವರಿಗೆ ಕೂಗಿ ಹೇಳಿದ್ದು ಕೇಳಿಸಿತು. ಆಮೇಲೆ ಕೇಳಿದರು, "ಸಂಕ್ರಾಂತಿ ಮಾಲು ಕಳಿಸಬೇಕಲ್ಲಮ್ಮ. ಎಳ್ಳು, ಬೆಲ್ಲ, ಸಕ್ಕರೆ ಅಚ್ಚು. ಯಾವತ್ತು ತುಂಬಿಸಲಿ?"

ಹಳೆಯ ಒಪ್ಪಂದ ಮುಗಿಯುವ ಜನವರಿ 15 ನೆನಪಿತ್ತು. ನ್ಯೂಯಾರ್ಕಿಗೆ ಐವತ್ತು ದಿನ, ಅಲ್ಲಿ ಇಳಿದು ಹಬ್ಬಕ್ಕೆ ಮುಂಚೆ ಅಂಗಡಿ ಸೇರಲು ಇನ್ನೊಂದಿಷ್ಟು ದಿನ ಹಿಡಿದು ಹಿಂದಕ್ಕೆ ಲೆಕ್ಕ ಹಾಕಿದೆ.

"ನವೆಂಬರ್ ಮೊದಲನೇ ವಾರ ಸರ್. ಅದಕ್ಕಿಂತ ತಡ ಬೇಡ" ಅಂದು, ಕುಂಕುಮದ ಕೈಯಲ್ಲೇ ಚೆನ್ನೈ ಹಡಗುಗಳ ಪಟ್ಟಿ ತೆರೆದೆ.