ಮೈ, ಕಣ್ಣು, ಬೆಳಕು: ಪ್ರಾಣಿ ಮುಖಚಿತ್ರಗಳಿಗೆ ಪ್ರಾಂಪ್ಟ್‌ಗಳು

ಮಕ್ಕಳ ಲೈಬ್ರರಿಯ ಗೋಡೆಗೆ ಎರಡು ಅಡಿ ಎತ್ತರದ ಪ್ರಿಂಟ್‌ಗಳು ಬೇಕು. ಮಕ್ಕಳು ಮೂಗು ತಾಗಿಸಿ ನೋಡುತ್ತಾರೆ. ಹಾಗಾಗಿ ದೂರದಿಂದ ಚೆನ್ನಾಗಿ ಕಂಡರಷ್ಟೇ ಸಾಲದು, ಹತ್ತಿರದಿಂದಲೂ ನಿಜ ಅನ್ನಿಸಬೇಕು. ಚಿತ್ರ ಬಿಡಿಸುವ ಎಐಗೆ ಕೊಡುವ ಪ್ರಾಂಪ್ಟ್‌ಗಳು ಇವು. ಕೆಳಗಿನ ಮೊದಲ ಭಾಗವನ್ನು ಪ್ರತಿ ಪ್ರಾಂಪ್ಟ್‌ನ ತಲೆಗೆ ಸೇರಿಸಿ, ಆಮೇಲೆ ಪ್ರಾಣಿಯದ್ದನ್ನು ಹಾಕಿ.

ಎಲ್ಲ ಚಿತ್ರಗಳಿಗೂ

ಕಾಡುಪ್ರಾಣಿಯ ಮುಖಚಿತ್ರ, ನಿಜವಾದ ಫೋಟೋದ ಹಾಗೆ, ನಿಲುವು ಅಳತೆ 4:5. ಕ್ಯಾಮೆರಾ ಪ್ರಾಣಿಯ ಕಣ್ಣಿನ ಮಟ್ಟದಲ್ಲೇ ಇರಲಿ. 400 ಎಂಎಂ ಲೆನ್ಸ್‌ನಲ್ಲಿ ದೂರದಿಂದ ತೆಗೆದಂತೆ ಇರಲಿ, ಮೂತಿ ಉಬ್ಬಿ ಕಾಣಬಾರದು. ಫೋಕಸ್ ಹತ್ತಿರದ ಕಣ್ಣಿನ ಮೇಲೆ. ಬೆಳಕು ಆ ಪ್ರಾಣಿ ಇರುವ ಜಾಗದ್ದೇ, ಸ್ಟುಡಿಯೋ ದೀಪ ಬೇಡ. ಕಣ್ಣಿನಲ್ಲಿ ಕಾಣುವ ಪ್ರತಿಬಿಂಬವೂ ಆ ಜಾಗದ್ದೇ ಆಗಿರಲಿ: ಆಕಾಶವಿದ್ದರೆ ಆಕಾಶ, ಎಲೆಗಳಿದ್ದರೆ ಎಲೆಗಳು. ಪ್ರಾಣಿಯ ಮುಖದಲ್ಲಿ ಮನುಷ್ಯರ ನಗು, ಸಿಟ್ಟು, ಅಳು ಬೇಡ.

ಹಿಮ ಚಿರತೆ

ದೊಡ್ಡ ಹಿಮ ಚಿರತೆ, ಸಮುದ್ರ ಮಟ್ಟದಿಂದ ಸುಮಾರು 4,000 ಮೀಟರ್ ಎತ್ತರದ ಕಲ್ಲಿನ ಏರಿನಲ್ಲಿ. ತಲೆ ಮತ್ತು ಭುಜ ಮಾತ್ರ ಚಿತ್ರದಲ್ಲಿ. ಮುಖ ಮುಕ್ಕಾಲು ನಮ್ಮ ಕಡೆ ತಿರುಗಿದೆ.

ತುಪ್ಪಳ ಬೂದಿ ಬೆರೆತ ಕೆನೆ ಬಣ್ಣದ್ದು, ತುಂಬಾ ದಟ್ಟ. ಮೇಲಿನ ಕೂದಲು ಉದ್ದ, ಒಳಗಿನದು ಹತ್ತಿಯಷ್ಟು ಮೆತ್ತಗೆ. ಗಾಳಿ ಕುತ್ತಿಗೆಯ ಒಂದು ಬದಿಯ ಕೂದಲನ್ನು ಬಿಡಿಸಿದೆ, ಅಲ್ಲಿ ಒಳತುಪ್ಪಳ ಇಣುಕುತ್ತಿದೆ. ಹಣೆಯ ಮೇಲಿನ ಚುಕ್ಕೆಗಳು ಚಿಕ್ಕವು, ತುಂಬು ಕಪ್ಪು. ಭುಜಕ್ಕೆ ಇಳಿಯುತ್ತಾ ಅವೇ ದೊಡ್ಡದಾಗಿ, ನಡುವೆ ಟೊಳ್ಳಾಗಿ, ಅಂಚು ಮಸುಕಾಗಿ ಹರಡಲಿ. ಅಚ್ಚು ಒತ್ತಿದಂತೆ ಎಲ್ಲ ಮಚ್ಚೆಗಳೂ ಒಂದೇ ಥರ ಇರಬಾರದು. ಮಚ್ಚೆಯ ಅಂಚಿನಲ್ಲಿ ಕಪ್ಪು ಕೂದಲೂ ಬಿಳಿ ಕೂದಲೂ ಬೆರೆತಿರಲಿ. ಕಿವಿ ಗಿಡ್ಡ, ದುಂಡು. ಮೂಗಿನ ಮೇಲಿನ ಕೂದಲು ತೀರಾ ಚಿಕ್ಕದು, ಹಿಂದಕ್ಕೆ ಒರಗಿದ್ದು. ಮೀಸೆ ಉದ್ದ, ಬಿಳಿ. ಎರಡು ಮೂರು ಮೀಸೆಯ ತುದಿಗೆ ಹಿಮದ ಪುಡಿ ಅಂಟಿದೆ.

ಕಣ್ಣು ತಿಳಿ ಹಸಿರು ಬೆರೆತ ಬೂದು. ಪಾಪೆ ದುಂಡಗಿರಲಿ, ಬೆಕ್ಕಿನ ಹಾಗೆ ಸೀಳಿದಂತೆ ಬೇಡ. ಐರಿಸ್‌ನ ಒಳಗೆ ಪಾಪೆಯಿಂದ ಹೊರಕ್ಕೆ ಹೋಗುವ ಸಣ್ಣ ಎಳೆಗಳು ಕಾಣಲಿ, ಹೊರ ಅಂಚು ಸ್ವಲ್ಪ ಗಾಢ. ರೆಪ್ಪೆಯ ಅಂಚು ಕಪ್ಪು, ತೇವ. ಕಣ್ಣಿನ ಮೇಲರ್ಧದಲ್ಲಿ ಬೆಳಗಿನ ಆಕಾಶ, ಕೆಳಗರ್ಧದಲ್ಲಿ ಹಿಮದ ಬಿಳಿ.

ಬೆಳಕು: ಸೂರ್ಯ ಏರಿನ ಹಿಂದೆ, ಮುಖಕ್ಕೆ ಇನ್ನೂ ಬಿಸಿಲು ಬಿದ್ದಿಲ್ಲ. ಮುಖದ ಮೇಲೆ ನೀಲಿ ಛಾಯೆಯ ತಣ್ಣನೆ ಬೆಳಕು. ನೆಲದ ಹಿಮದಿಂದ ಮೇಲಕ್ಕೆ ಬರುವ ಬೆಳಕು ಗದ್ದದ ಕೆಳಗಿನ ನೆರಳನ್ನು ತುಂಬಲಿ. ಕಿವಿಯ ತುದಿಯ ಕೂದಲಿಗೆ ಮಾತ್ರ ಚಿನ್ನದ ಅಂಚು. ಹಿಂದೆ ಬೂದು ಬಂಡೆ, ಬ್ಲರ್ ಆಗಿ. ಹಿಮ ಸುರಿಯುವುದು ಬೇಡ, ಸುಮ್ನೆ ಗದ್ದಲ ಆಗುತ್ತದೆ.

ಹಿಮಕರಡಿ

ಬೆಳೆದ ಹಿಮಕರಡಿ, ಸಮುದ್ರದ ಮಂಜುಗಡ್ಡೆಯ ಮೇಲೆ, ಪಕ್ಕದಿಂದ ಕಾಣುವ ಮುಖ. ಇದರ ಕೂದಲಿಗೆ ಬಣ್ಣವೇ ಇಲ್ಲ. ಮೇಲಿನ ಒಂದೊಂದು ಕೂದಲೂ ಪಾರದರ್ಶಕ, ಒಳಗೆ ಟೊಳ್ಳು, ಕೆಳಗಿನ ಚರ್ಮ ಕಪ್ಪು. ಹಾಗಾಗಿ ಅಚ್ಚ ಬಿಳಿ ಬಳಿಯಬೇಡಿ. ಬಿಸಿಲು ತಾಗಿದಲ್ಲಿ ತಿಳಿ ಹಳದಿ, ನೆರಳಿನಲ್ಲಿ ತಿಳಿ ನೀಲಿ. ಕುತ್ತಿಗೆಯ ಕೂದಲು ನೀರಿನಲ್ಲಿ ನೆನೆದು ಜಡೆಗಟ್ಟಿದೆ. ಮೂಗು ಕಪ್ಪು, ಒದ್ದೆ, ಮೇಲೆ ಸಣ್ಣ ಗೀರುಗಳು. ಕಣ್ಣು ಚಿಕ್ಕದು, ಕಡು ಕಂದು. ಅದನ್ನು ಮುದ್ದಾಗಿ ಕಾಣಿಸಲು ದೊಡ್ಡದು ಮಾಡಬಾರದು. ದಿಗಂತಕ್ಕೆ ತಾಗಿದ ಧ್ರುವದ ಸೂರ್ಯ, ಉದ್ದನೆಯ ಅಡ್ಡ ಬೆಳಕು.

ನೀರುನಾಯಿ

ಈಗಷ್ಟೇ ಹೊಳೆಯಿಂದ ತಲೆ ಎತ್ತಿದ ನೀರುನಾಯಿ. ತಲೆಯ ಮೇಲ್ಗೂದಲು ಒದ್ದೆಯಾಗಿ ಗೊಂಚಲು ಗೊಂಚಲಾಗಿ ಮೊನೆಗಟ್ಟಿದೆ, ಗೊಂಚಲಿನ ನಡುವಿನ ಒಳತುಪ್ಪಳ ಮಾತ್ರ ಇನ್ನೂ ಒಣಗಿಯೇ ಇದೆ. ಈ ವ್ಯತ್ಯಾಸ ಕಾಣಲೇಬೇಕು, ಇಲ್ಲದಿದ್ದರೆ ಎಣ್ಣೆ ಸವರಿದ ಹಾಗೆ ಕಾಣುತ್ತದೆ. ದಪ್ಪ ಮೀಸೆಯಿಂದ ಹನಿ ತೊಟ್ಟಿಕ್ಕುತ್ತಿದೆ. ಕಣ್ಣು ಸಣ್ಣದು, ಕಡು ಕಂದು, ಅದರಲ್ಲಿ ಎದುರು ದಡದ ಮರಗಳ ಸಾಲು. ಮೋಡ ಕವಿದ ದಿನದ ಸಮನಾದ ಬೆಳಕು. ನೀರಿನ ಬಣ್ಣ ಹಸಿರುಗಂದು.

ದೊಡ್ಡ ಮಂಗಟ್ಟೆ ಹಕ್ಕಿ, ಗಂಡು

ಮಳೆಕಾಡಿನ ಎತ್ತರದ ಕೊಂಬೆಯ ಮೇಲೆ ಗಂಡು ಮಂಗಟ್ಟೆ. ತಲೆ, ಕೊಕ್ಕು, ಕುತ್ತಿಗೆ ಪೂರ್ತಿ ಕಾಣಲಿ. ಕೊಕ್ಕಿನ ತುದಿ ಚೌಕಟ್ಟಿಗೆ ಸಿಕ್ಕಿ ಕತ್ತರಿಸಿ ಹೋಗಬಾರದು.

ಮುಖದ ಗರಿಗಳು ಕಪ್ಪು, ಚಿಕ್ಕವು, ಒತ್ತೊತ್ತಾಗಿ ಕೂತಿವೆ. ಕುತ್ತಿಗೆಯ ಗರಿಗಳು ಬಿಳಿ, ಸಡಿಲ, ತುದಿಯಲ್ಲಿ ಎಳೆ ಎಳೆಯಾಗಿ ಬಿಡಿಸಿಕೊಂಡಿವೆ. ಹಕ್ಕಿ ತನ್ನ ಬಾಲದ ಬುಡದ ಗ್ರಂಥಿಯ ಎಣ್ಣೆಯನ್ನು ತಾನೇ ಸವರಿಕೊಳ್ಳುವುದರಿಂದ ಈ ಬಿಳಿಗೆ ಹಳದಿ ಹತ್ತಿರುತ್ತದೆ. ಆ ಹಳದಿ ಎಲ್ಲ ಕಡೆ ಸಮನಾಗಿ ಬೇಡ, ಅಲ್ಲಲ್ಲಿ ಜಾಸ್ತಿ, ಅಲ್ಲಲ್ಲಿ ಕಡಿಮೆ ಇರಲಿ. ಕೊಕ್ಕಿನ ಮೇಲಿನ ಕಿರೀಟಕ್ಕೂ ಅದೇ ಎಣ್ಣೆಯ ಬಣ್ಣ. ಕಿರೀಟದ ಮುಂದೆ ಮತ್ತು ಹಿಂದೆ ಕಪ್ಪು. ಕೊಕ್ಕಿನ ಅಂಚು ಬಳಸಿ ಬಳಸಿ ಸವೆದಿದೆ, ಸಣ್ಣ ಚೂರು ಎದ್ದಿದೆ. ಪ್ಲಾಸ್ಟಿಕ್ ಥರ ನುಣುಪು ಬೇಡ. ಉಗುರಿನ ಮೇಲೆ ಕಾಣುವಂಥ ತೆಳು ಗೆರೆಗಳು ಇರಲಿ.

ಕಣ್ಣು ಕೆಂಪು, ಪಾಪೆ ದುಂಡು, ಸುತ್ತಲಿನ ಚರ್ಮ ಕಪ್ಪು. ಹೆಣ್ಣಾದರೆ ಕಣ್ಣು ಬಿಳಿ. ಎರಡನ್ನೂ ಬೆರೆಸಬೇಡಿ. ಮೇಲಿನ ರೆಪ್ಪೆಗೆ ಉದ್ದನೆಯ ಕಪ್ಪು ಕೂದಲಿನಂಥವು ಇವೆ, ಅವು ನಿಜಕ್ಕೂ ರೂಪ ಬದಲಿಸಿದ ಗರಿಗಳು. ಆದ್ದರಿಂದ ಬಿರುಸಾಗಿ, ಒಂದೊಂದೂ ಬೇರೆ ಬೇರೆಯಾಗಿ ನಿಂತಿರಲಿ. ಅವುಗಳ ನೆರಳು ಕೆಂಪು ಐರಿಸ್‌ನ ಮೇಲಂಚಿಗೆ ತೆಳುವಾಗಿ ಬೀಳಲಿ.

ಬೆಳಕು: ಮಳೆ ನಿಂತ ಸ್ವಲ್ಪ ಹೊತ್ತಿಗೆ. ಎಲೆಗಳನ್ನು ದಾಟಿ ಬಂದ ಮೆತ್ತನೆ ಬೆಳಕು, ಅದರಲ್ಲಿ ಹಸಿರು ಬೆರೆತಿದೆ. ಆ ಹಸಿರು ಕುತ್ತಿಗೆಯ ಬಿಳಿಯ ಕೆಳಭಾಗಕ್ಕೆ ಸ್ವಲ್ಪ ಹತ್ತಲಿ. ಒಂದೇ ಒಂದು ಬಿಸಿಲಿನ ಕೋಲು ಕಿರೀಟದ ಮೇಲೆ ಬೀಳಲಿ. ಎಲ್ಲೆಲ್ಲೂ ಬಿಸಿಲಿನ ಕೋಲು ಬಿಟ್ಟರೆ ಕಾಡು ಸಿನಿಮಾ ಸೆಟ್ ಆಗಿಬಿಡುತ್ತದೆ.

ಮಿಂಚುಳ್ಳಿ, ಹೆಣ್ಣು

ಸಣ್ಣ ಮಿಂಚುಳ್ಳಿ, ಹೊಳೆಯ ಮೇಲೆ ಚಾಚಿದ ಒಣ ಕಡ್ಡಿಯ ಮೇಲೆ. ಬೆನ್ನು ನೀಲಿ, ಎದೆ ಕಿತ್ತಳೆ, ಗಂಟಲು ಮತ್ತು ಕತ್ತಿನ ಬದಿಯಲ್ಲಿ ಬಿಳಿ. ಕೊಕ್ಕಿನ ಮೇಲರ್ಧ ಕಪ್ಪು, ಕೆಳಗರ್ಧ ಕಿತ್ತಳೆಗೆಂಪು, ಹೆಣ್ಣಿನ ಗುರುತೇ ಅದು. ಬೆನ್ನಿನ ನೀಲಿ ಬಣ್ಣದ ಪುಡಿಯಿಂದ ಬಂದದ್ದಲ್ಲ, ಗರಿಯ ಒಳರಚನೆ ಬೆಳಕನ್ನು ಚದುರಿಸುವುದರಿಂದ ಬಂದದ್ದು. ಅದಕ್ಕೇ ಬೆಳಕು ನೇರ ಬಿದ್ದ ಗರಿ ಉರಿಯುವ ನೀಲಿ, ನೆರಳಿನ ಗರಿ ಕಡು ಹಸಿರುನೀಲಿ. ಇಡೀ ಬೆನ್ನು ಒಂದೇ ನೀಲಿ ಆಗಬಾರದು. ನೆತ್ತಿಯ ಕಡು ಗರಿಗಳ ಮೇಲೆ ತಿಳಿ ನೀಲಿಯ ಸಣ್ಣ ಪಟ್ಟಿಗಳು ಎಣಿಸುವಷ್ಟು ಸ್ಪಷ್ಟವಾಗಿರಲಿ. ಕಣ್ಣು ಕಡು ಕಂದು, ಅದರಲ್ಲಿ ನೀರಿನ ಮೇಲಿನ ಬಿಳಿ ಹೊಳಪು. ಬೆಳಗಿನ ಪಕ್ಕದ ಬೆಳಕು, ಹಿಂದೆ ನೆರಳಿನ ಹಸಿರು ನೀರು.

ಕಣಜ ಗೂಬೆ

ಹಳೇ ಮರದ ಪೊಟರೆಯ ಬಾಯಲ್ಲಿ ಕೂತ ಕಣಜ ಗೂಬೆ, ಮುಖ ನೇರ ನಮ್ಮ ಕಡೆಗೆ. ಹೃದಯದ ಆಕಾರದ ಬಿಳಿ ಮುಖ. ಮುಖದ ಗರಿಗಳು ತೆಳು, ಬಿಡಿ ಬಿಡಿ, ಅಂಚಿನ ಸುತ್ತ ಮಾತ್ರ ಬಿರುಸಾದ ಕಂದು ಗರಿಗಳು ಒತ್ತಾಗಿ ನಿಂತು ಗೆರೆ ಎಳೆದಿವೆ. ಬೆನ್ನಿನ ಮೇಲೆ ಹೊಂಬಣ್ಣ, ಬೂದು, ನಡುನಡುವೆ ಕಪ್ಪು ಬಿಳಿ ಬೆರೆತ ಪುಟ್ಟ ಚುಕ್ಕೆಗಳು. ಕೊಕ್ಕು ಅರ್ಧ ಗರಿಯೊಳಗೇ ಹುದುಗಿರಲಿ.

ಕಣ್ಣು ಕಪ್ಪು ಅನ್ನಿಸುವಷ್ಟು ಕಡು ಕಂದು. ಗೂಬೆ ಎಂದ ಕೂಡಲೇ ಹಳದಿ ಕಣ್ಣು ಬಂದುಬಿಡುತ್ತದೆ, ಅಲ್ವಾ? ಇಲ್ಲಿ ಅದು ಖಂಡಿತ ಬೇಡ. ಐರಿಸ್ ಬಹುತೇಕ ಕಾಣದೆ ಇರಲಿ, ಮೇಲ್ಗಡೆ ಸಂಜೆ ಆಕಾಶದ ಒಂದು ತೆಳು ಬಿಲ್ಲು ಮಾತ್ರ ಹೊಳೆಯಲಿ. ಸೂರ್ಯ ಮುಳುಗಿದ ಮೇಲಿನ ನೀಲಿ ಬೆಳಕು, ನೆರಳು ಮೃದು. ಫ್ಲ್ಯಾಶ್ ಬೇಡ, ಚಂದ್ರ ಬೇಡ.

ಹಸಿರು ಬಳ್ಳಿ ಹಾವು

ಬಳ್ಳಿಗಳ ನಡುವೆ ತಲೆ ಚಾಚಿ ಕದಲದೆ ನಿಂತ ಹಸಿರು ಬಳ್ಳಿ ಹಾವು. ಇದಕ್ಕೆ ಮಾತ್ರ ಮ್ಯಾಕ್ರೋ ಲೆನ್ಸ್. ತಲೆ ಉದ್ದ, ಮೂತಿ ಚೂಪು.

ತಲೆಯ ಮೇಲಿನ ಹುರುಪೆಗಳು ದೊಡ್ಡವು, ನುಣುಪು, ಒಂದಕ್ಕೊಂದು ಅಂಚು ಕೂಡಿಕೊಂಡಿವೆ. ಕುತ್ತಿಗೆಯಲ್ಲಿ ಅವು ಚಿಕ್ಕದಾಗಿ, ಉದ್ದವಾಗಿ, ಓರೆ ಸಾಲಿನಲ್ಲಿ ಸಾಗಲಿ. ಕುತ್ತಿಗೆ ಒಂದು ಕಡೆ ಉಬ್ಬಿದೆ, ಅಲ್ಲಿ ಹುರುಪೆಗಳು ಬೇರ್ಪಟ್ಟು ನಡುವಿನ ಕಪ್ಪು ಬಿಳಿ ಚರ್ಮ ಕಾಣುತ್ತಿದೆ. ಹೊಳಪು ಎಲೆಯ ಹೊಳಪಿನಷ್ಟೇ ಇರಲಿ. ಹಾವಿನ ಮೈ ಒದ್ದೆ ಅಲ್ಲ, ಅಂಟೂ ಅಲ್ಲ, ಒಣ ಮೈ.

ಕಣ್ಣೇ ಈ ಚಿತ್ರದ ಜೀವ. ಪಾಪೆ ಅಡ್ಡಡ್ಡ, ಬೀಗದ ಕೈ ಹಾಕುವ ಕಿಂಡಿಯ ಆಕಾರ. ಉದ್ದುದ್ದ ಸೀಳು ಪಾಪೆ ಬಂದರೆ ಆ ಚಿತ್ರ ಬಿಟ್ಟುಬಿಡಿ. ಐರಿಸ್ ಹಳದಿ, ಅದರಲ್ಲಿ ಕಂದು ಚುಕ್ಕೆಗಳ ಪುಡಿ. ಕಣ್ಣಿನ ಮುಂದಿನಿಂದ ಮೂತಿಯ ತುದಿಯವರೆಗೆ ಒಂದು ಸಣ್ಣ ತಗ್ಗು ಹೋಗುತ್ತದೆ, ಹಾವು ಮುಂದಕ್ಕೆ ನೋಡುವುದು ಆ ದಾರಿಯಲ್ಲೇ. ಅದಕ್ಕೆ ತೆಳು ನೆರಳು ಬಿಡಿಸಿ. ಹಾವಿಗೆ ರೆಪ್ಪೆ ಇಲ್ಲ, ಪಾರದರ್ಶಕ ಹುರುಪೆಯೊಂದು ಕಣ್ಣನ್ನು ಮುಚ್ಚಿರುತ್ತದೆ. ಹಾಗಾಗಿ ಹೊಳಪಿನ ಚುಕ್ಕೆ ಗಾಜಿನ ಮೇಲೆ ಬಿದ್ದಷ್ಟು ಚೊಕ್ಕ, ಅದರಲ್ಲಿ ಎಲೆಗಳ ಸಂದಿನ ಆಕಾಶ.

ಮಧ್ಯಾಹ್ನದ ಬಿಸಿಲು ಮೇಲಿನ ಎಲೆಯನ್ನು ತೂರಿ ಬರುತ್ತಿದೆ. ತಲೆಯ ಅರ್ಧಕ್ಕೆ ಎಲೆಯ ನೆರಳು. ಹಾವಿನ ಹಸಿರು ಎಲೆಯ ಹಸಿರಿಗಿಂತ ಒಂದು ಚೂರು ಮಾತ್ರ ಬೇರೆ.

ಊಸರವಳ್ಳಿ

ಮುಳ್ಳುಪೊದೆಯ ಕೊಂಬೆ ಹಿಡಿದ ಊಸರವಳ್ಳಿ, ಪಕ್ಕದಿಂದ. ಮೈಮೇಲೆ ಕಾಳು ಕಾಳು ಹುರುಪೆ, ದೊಡ್ಡದು ಚಿಕ್ಕದು ಬೆರೆತು. ಕಣ್ಣು ಗೋಪುರದಂತೆ ಹೊರಗೆ ಚಾಚಿದೆ. ಎರಡೂ ರೆಪ್ಪೆ ಕೂಡಿಕೊಂಡು ಇಡೀ ಗುಡ್ಡೆಯನ್ನು ಮುಚ್ಚಿವೆ, ನಡುವೆ ಪಾಪೆಯಷ್ಟೇ ತೂತು. ರೆಪ್ಪೆಯ ಹುರುಪೆಗಳು ಆ ತೂತಿನ ಸುತ್ತ ಉಂಗುರ ಉಂಗುರವಾಗಿ ಕೂತಿರಲಿ. ಈ ಕಣ್ಣು ಹಿಂದಕ್ಕೆ ತಿರುಗಿದೆ. ಇಳಿ ಮಧ್ಯಾಹ್ನದ ಬಿಸಿಲು, ಮೈಮೇಲೆ ಮುಳ್ಳುಗಳ ನೆರಳು.

ಮೊಸಳೆ

ಅರ್ಧ ತಲೆ ನೀರಿನ ಮೇಲೆ. ಕ್ಯಾಮೆರಾ ನೀರಿಗೆ ತಾಗುವಷ್ಟು ಕೆಳಗೆ. ತಲೆಯ ಮೇಲಿನ ಚರ್ಮ ಮೂಳೆಗೆ ಅಂಟಿದಂತೆ ಗಟ್ಟಿ, ಬಿರುಕು ಬಿಟ್ಟು ಹುರುಪೆಯಾದದ್ದು, ಬಿರುಕುಗಳಲ್ಲಿ ಒಣಗಿದ ಕೆಸರು. ದವಡೆಯ ಪ್ರತಿ ಹುರುಪೆಯ ಮೇಲೂ ಸಣ್ಣ ಕಪ್ಪು ಚುಕ್ಕೆಗಳು. ನೀರಿನ ಅಲುಗಾಟ ತಿಳಿಯುವುದು ಅವುಗಳಿಂದಲೇ, ಮರೆಯದೆ ಹಾಕಿ. ನೀರು ತಾಗಿದ ಭಾಗ ಹೊಳಪು, ಮೇಲಿನದು ಮಂಕು, ನಡುವಿನ ಗೆರೆ ಸ್ಪಷ್ಟ. ಕಣ್ಣು ಹಳದಿಹಸಿರು. ಬಿಸಿಲಿಗೆ ಪಾಪೆ ತೆಳ್ಳಗಿನ ನೆಟ್ಟಗಿನ ಗೆರೆ. ಬೆಳಿಗ್ಗೆ ಹತ್ತರ ಬಿಸಿಲು, ನೀರಿನಿಂದ ಎದ್ದ ಅಲುಗುವ ಬೆಳಕಿನ ಗೆರೆಗಳು ದವಡೆಯ ಕೆಳಗೆ.

ಪ್ರತಿ ಪ್ರಾಂಪ್ಟ್‌ನ ಕೊನೆಗೆ

ಇವು ಬೇಡ: ಮೇಣದಂತೆ ನುಣುಪಾದ ಮೈ, ಅತಿಯಾಗಿ ಚೂಪು ಮಾಡಿದ ಕೂದಲು, ಎರಡು ಕಣ್ಣಿಗೆ ಎರಡು ಬಣ್ಣ, ಉಂಗುರ ದೀಪದ ಪ್ರತಿಬಿಂಬ, ಒಂದೇ ಕಣ್ಣಿನಲ್ಲಿ ಹಲವು ಹೊಳಪು ಚುಕ್ಕೆಗಳು, ಬುಡವಿಲ್ಲದ ಮೀಸೆ, ಮೈಯೊಳಗೆ ಕರಗಿಹೋದ ಗರಿ, ಚಿತ್ರದ ಮೇಲೆ ಅಕ್ಷರ, ಸಹಿ, ಚೌಕಟ್ಟು.